ವಿದೇಶ ಪ್ರಯಾಣದಲ್ಲಿ ಔಷಧಿ: ಚೀಟಿ, ಬಿಲ್ಲು, ಸ್ಟ್ರಿಪ್ ಒಂದಕ್ಕೊಂದು ತಾಳೆಯಾಗಬೇಕು

ಅನೇಕ ದೇಶಗಳಲ್ಲಿ ಔಷಧಿ ಅಂಗಡಿಯವರೇ ರೋಗಿಯ ಹೆಸರು ಮತ್ತು ಸೇವಿಸುವ ಪ್ರಮಾಣವಿರುವ ಲೇಬಲ್ ಅಂಟಿಸಿ ಕೊಡುತ್ತಾರೆ. ಅಲ್ಲಿನ ಕಸ್ಟಮ್ಸ್ ಅಧಿಕಾರಿಗಳು ಅದನ್ನೇ ನಿರೀಕ್ಷಿಸುತ್ತಾರೆ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಆ ಪದ್ಧತಿ ಇಲ್ಲ. ಆದ್ದರಿಂದ ವೈದ್ಯರ ಚೀಟಿ, ಅಂಗಡಿಯ ಬಿಲ್ಲು ಮತ್ತು ಮಾತ್ರೆಯ ಸ್ಟ್ರಿಪ್ ಸೇರಿ ಲೇಬಲ್ಲಿನ ಕೆಲಸ ಮಾಡಬೇಕಾಗುತ್ತದೆ.

ಹಾಸನದ 68 ವರ್ಷದ ತಾಯಿಯೊಬ್ಬರು 60 ದಿನಗಳ ಮಟ್ಟಿಗೆ ದುಬೈಯಲ್ಲಿರುವ ಮಗನ ಮನೆಗೆ ಹೊರಟಿದ್ದಾರೆ ಎಂದುಕೊಳ್ಳೋಣ. ರಕ್ತದೊತ್ತಡಕ್ಕೆ ಆಮ್ಲೋಡಿಪಿನ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಕಾಲಿನ ನರದ ಉರಿಗೆ ರಾತ್ರಿ ಪ್ರಿಗ್ಯಾಬಲಿನ್. ವಿಮಾನ ತಪ್ಪಿದರೆ ಎಂದು ಒಂದು ವಾರದ್ದು ಹೆಚ್ಚಿಗೆ ಸೇರಿಸಿದರೆ, ದಿನಕ್ಕೊಂದರಂತೆ 67 ಮಾತ್ರೆ ಬೇಕು. ಹತ್ತರ ಸ್ಟ್ರಿಪ್ಪಾದರೆ ಏಳು. ಕತ್ತರಿಸಿ ಕೊಟ್ಟ ತುಂಡು ಬೇಡ. ಬ್ಯಾಚ್ ನಂಬರ್ ಮತ್ತು ಅವಧಿ ಮುಗಿಯುವ ದಿನಾಂಕ ಸಾಮಾನ್ಯವಾಗಿ ಸ್ಟ್ರಿಪ್ಪಿನ ಒಂದು ಅಂಚಿನಲ್ಲಿರುತ್ತವೆ, ತುಂಡಿನಲ್ಲಿ ಅವು ಉಳಿಯುವುದಿಲ್ಲ. ವಾರದ ಡಬ್ಬಿಗೆ ಮಾತ್ರೆ ಬಿಡಿಸಿಡುವ ಕೆಲಸ ಮಗನ ಮನೆ ತಲುಪಿದ ಮೇಲಾಗಲಿ.

ತೊಡಕು ಹೆಚ್ಚಾಗಿ ಹೆಸರಿನಲ್ಲೇ ಬರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಪದ್ಮಾವತಿ, ಚೀಟಿಯಲ್ಲಿ ಪದ್ಮಮ್ಮ, ಬಿಲ್ಲಿನಲ್ಲಿ ಅಂಗಡಿಯವರಿಗೆ ಪರಿಚಿತನಾದ ಮಗನ ಹೆಸರು! ಹಳೆಯ ಚೀಟಿಯ ಮೇಲೆ 'ಅದೇ ಔಷಧಿ ಮುಂದುವರಿಸಿ' ಎಂದು ಗೀಚಿದ್ದರೆ ಅದೂ ಸಾಲದು. ವೈದ್ಯರಿಂದ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷಿನ ಹೊಸ ಚೀಟಿ ಪಡೆಯಬೇಕು. ಅದರಲ್ಲಿ ಪಾಸ್‌ಪೋರ್ಟ್‌ನಲ್ಲಿರುವಂತೆ ಹೆಸರು, ಕಾಯಿಲೆ, ಪ್ರಮಾಣ, ಎಷ್ಟು ದಿನಕ್ಕೆ ಎಂಬುದು, ಸಹಿ, ಮೊಹರು ಮತ್ತು ನೋಂದಣಿ ಸಂಖ್ಯೆ ಇರಲಿ. ಕಂಪನಿಯ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ ಬರೆಸಬೇಕು. ನಮ್ಮ ಬ್ರಾಂಡುಗಳು ಹೊರಗೆ ಎಲ್ಲರಿಗೂ ಗೊತ್ತಿರುವುದಿಲ್ಲ. ಬಿಲ್ಲೂ ಅದೇ ಹೆಸರಿನಲ್ಲಿರಲಿ. ಅದರ ಬ್ಯಾಚ್ ನಂಬರ್ ಸ್ಟ್ರಿಪ್ಪಿಗೆ ತಾಳೆಯಾಗುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಂಡರೆ ಒಳ್ಳೆಯದು.

ಇಷ್ಟಾದರೂ ಮೂರನೆಯ ಔಷಧಿಗೆ ಚೀಟಿಯೊಂದೇ ಸಾಲದು. ಪ್ರಿಗ್ಯಾಬಲಿನ್ ಯುಎಇಯಲ್ಲಿ ನಿಯಂತ್ರಿತ ಔಷಧಿ. ಟ್ರಾಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ರೆ ಮತ್ತು ಆತಂಕಕ್ಕೆ ಕೊಡುವ ಆಲ್‌ಪ್ರಜೋಲಾಮ್, ಕ್ಲೊನಾಜೆಪಾಮ್ ಕೂಡ ಹಾಗೆಯೇ. ಇವಕ್ಕೆ ಹೊರಡುವ ಮೊದಲೇ ಅಲ್ಲಿನ ಸರ್ಕಾರದ ಆನ್‌ಲೈನ್ ಸೇವೆಯಲ್ಲಿ ಪಾಸ್‌ಪೋರ್ಟ್, ಚೀಟಿ ಮತ್ತು ವೈದ್ಯಕೀಯ ವರದಿ ಸಲ್ಲಿಸಿ ಅನುಮತಿ ಪಡೆಯಬೇಕು. ಇಲ್ಲದಿದ್ದರೆ ಔಷಧಿ ಕಸಿದುಕೊಳ್ಳಬಹುದು, ಪ್ರಕರಣವೂ ಆಗಬಹುದು. ಅನುಮತಿ ಸಿಗಲಿಲ್ಲವೆಂದು ಪ್ರಿಗ್ಯಾಬಲಿನ್ ಅನ್ನು ಒಮ್ಮೆಲೇ ನಿಲ್ಲಿಸುವಂತೆಯೂ ಇಲ್ಲ. ಕಡಿಮೆ ಮಾಡುವುದಾಗಲಿ, ಬದಲಿಸುವುದಾಗಲಿ ವೈದ್ಯರ ಸಲಹೆಯಂತೆ ನಿಧಾನವಾಗಿ ಆಗಬೇಕು. ಹಾಗಾಗಿ ಟಿಕೆಟ್ ತೆಗೆಸಿದ ವಾರದಲ್ಲೇ ಈ ಮಾತು ಎತ್ತಬೇಕು.

ಔಷಧಿಯ ಜೊತೆ ಮನೆಯ ಕಷಾಯದ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಡುವುದುಂಟು. ಲೇಬಲ್ಲಿಲ್ಲದ ಪುಡಿಯನ್ನು ಮನೆಯಲ್ಲೇ ಬಿಡುವುದು ಲೇಸು. ಪಾಯಸಕ್ಕೆಂದು ಗಸಗಸೆಯನ್ನಂತೂ ಇಡಬಾರದು. ಯುಎಇಯಲ್ಲಿ ಅದು ನಿಷಿದ್ಧ.

ಔಷಧಿ ಮತ್ತು ಕಾಗದಗಳು ಕೈಚೀಲದಲ್ಲೇ ಇರಬೇಕು. ಲಗೇಜಿಗೆ ಹಾಕಿದ ಪೆಟ್ಟಿಗೆ ತಡವಾಗಿ ಬಂದರೂ ಅಂದಿನ ಮಾತ್ರೆ ತಪ್ಪುವುದಿಲ್ಲ. ಚೀಟಿ ಮತ್ತು ಅನುಮತಿ ಪತ್ರದ ಒಂದು ಪ್ರತಿಯನ್ನು ಮಗನ ಫೋನಿಗೂ ಕಳಿಸಿರಬೇಕು.