ರಕ್ತಕಣಗಣನ ಯಂತ್ರ ಮತ್ತು ಅದರ ಮಿಥ್ಯಾಂಕಗಳು

ರೋಗಿಯ ತೋಳಿನಿಂದ ತೆಗೆದ ರಕ್ತವನ್ನು ನೇರಳೆ ಮುಚ್ಚಳದ ನಳಿಕೆಯಲ್ಲಿ ತುಂಬಿ ಕಣಗಣನ ಯಂತ್ರಕ್ಕೆ ಒಪ್ಪಿಸಿದರೆ ಒಂದೆರಡು ನಿಮಿಷಗಳಲ್ಲಿ ಹೊರಬೀಳುವ ರಿಪೋರ್ಟಿನ ಸಂಖ್ಯೆಗಳೆಲ್ಲವೂ ಒಂದೇ ಜಾತಿಗೆ ಸೇರಿದವಲ್ಲ; ಅವುಗಳಲ್ಲಿ ಕೆಲವು ಯಂತ್ರವು ನೇರವಾಗಿ ಅಳೆದವು, ಮತ್ತೆ ಕೆಲವು ಅಳೆದವನ್ನು ಗುಣಿಸಿ ಭಾಗಿಸಿ ಪಡೆದವು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡುವವನಿಗೆ, ಯಂತ್ರವು ಯಾವಾಗ ತಪ್ಪುತ್ತದೆಂಬುದು ಮಾತ್ರವಲ್ಲ, ಆ ತಪ್ಪು ಅದೇ ರಿಪೋರ್ಟಿನಲ್ಲಿ ಹೇಗೆ ತನ್ನ ಗುರುತನ್ನು ಬಿಟ್ಟಿರುತ್ತದೆಂಬುದೂ ವಿಶದವಾಗುವುದು.

ಅಮೆರಿಕದ ವಾಲೆಸ್ ಕೂಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ತತ್ತ್ವವು ಅತ್ಯಂತ ಸರಳವಾದುದು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ. ಪೊರೆಯಿಂದ ಆವೃತವಾದ ರಕ್ತಕಣವು ಹರಿಯಗೊಡುವುದಿಲ್ಲ. ರಕ್ತವನ್ನು ಉಪ್ಪುನೀರಿನಲ್ಲಿ ಬಹುಪಾಲು ತೆಳುವಾಗಿಸಿ, ಸುಮಾರು 100 ಮೈಕ್ರೊಮೀಟರ್ ವ್ಯಾಸದ ಒಂದು ರಂಧ್ರದ ಮೂಲಕ ಅದನ್ನು ಎಳೆದು, ರಂಧ್ರದ ಎರಡು ಕಡೆಯೂ ವಿದ್ಯುದ್ವಾರಗಳನ್ನಿಟ್ಟರೆ, ಒಂದೊಂದು ಕಣವು ದಾಟುವಾಗಲೂ ತನ್ನ ಗಾತ್ರದಷ್ಟು ಉಪ್ಪುನೀರನ್ನು ಬದಿಗೆ ಸರಿಸುವುದರಿಂದ ಪ್ರತಿರೋಧವು ಕ್ಷಣಕಾಲ ಏರಿ ಒಂದು ಸ್ಪಂದವು ಉಂಟಾಗುತ್ತದೆ. ಸ್ಪಂದಗಳ ಸಂಖ್ಯೆಯೇ ಕಣಗಳ ಸಂಖ್ಯೆ, ಸ್ಪಂದದ ಎತ್ತರವೇ ಕಣದ ಗಾತ್ರ. ರಂಧ್ರದ ಉದ್ದವು 75 ಮೈಕ್ರೊಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, 90 ಫೆಮ್ಟೊಲೀಟರ್ ಗಾತ್ರದ ಕೆಂಪುಕಣವೊಂದು ಆ ರಂಧ್ರದ ಅವಕಾಶದಲ್ಲಿ ಸುಮಾರು ಆರೂವರೆ ಸಾವಿರದಲ್ಲೊಂದು ಪಾಲನ್ನು ಮಾತ್ರ ಆಕ್ರಮಿಸುತ್ತದೆ. ಅಷ್ಟು ಅಲ್ಪವಾದ ವ್ಯತ್ಯಾಸವನ್ನು ಹಿಡಿಯುವುದರಲ್ಲಿಯೇ ಈ ಸಾಧನದ ಸಾಮರ್ಥ್ಯವಿರುವುದು. ಸೂಕ್ಷ್ಮದರ್ಶಕದ ಕೆಳಗೆ 400 ಕಣಗಳನ್ನು ಎಣಿಸಿದವನ ಲೆಕ್ಕದಲ್ಲಿ ಯಾದೃಚ್ಛಿಕತೆಯೊಂದರಿಂದಲೇ ಶೇಕಡಾ 5ರಷ್ಟು ಅನಿಶ್ಚಯವು ಉಳಿಯುವುದಾದರೆ, 40,000 ಕಣಗಳನ್ನು ಎಣಿಸುವ ಯಂತ್ರದಲ್ಲಿ ಅದು ಶೇಕಡಾ ಅರ್ಧಕ್ಕೆ ಇಳಿಯುತ್ತದೆ.

ಆದರೆ ಸ್ಪಂದಕ್ಕೆ ಎತ್ತರವುಂಟೇ ಹೊರತು ಹೆಸರಿಲ್ಲ. ಸುಮಾರು 2ರಿಂದ 20 ಫೆಮ್ಟೊಲೀಟರಿನೊಳಗಿನ ಸ್ಪಂದವನ್ನು ಪ್ಲೇಟ್‌ಲೆಟ್ ಎಂದೂ, 36ಕ್ಕೆ ಮೇಲ್ಪಟ್ಟುದನ್ನು ಕೆಂಪುಕಣವೆಂದೂ ಬಗೆಯುವುದು ಅನೇಕ ಯಂತ್ರಗಳಲ್ಲಿ ರೂಢಿ. ಬಿಳಿಕಣಗಳ ಎಣಿಕೆಗೆ ಮೊದಲು ಕೆಂಪುಕಣಗಳನ್ನು ರಾಸಾಯನಿಕದಿಂದ ಒಡೆಯಲಾಗುವುದು; ಆ ದ್ರವದಲ್ಲಿ ಬಿಳಿಕಣಗಳೂ ಕುಗ್ಗಿ, ಪೊರೆಯು ಬೀಜಕೇಂದ್ರದ ಸುತ್ತ ಸುರುಟಿಕೊಳ್ಳುತ್ತದೆ. ಆದುದರಿಂದ ಹಳೆಯ ಮಾದರಿಯ ಯಂತ್ರಗಳು ಬಿಳಿಕಣಗಳನ್ನು ಮೂರು ವರ್ಗಗಳಾಗಿ ವಿಂಗಡಿಸುವಾಗ ನೋಡುವುದು ಜೀವಂತ ಕಣದ ಸ್ವಾಭಾವಿಕ ಗಾತ್ರವನ್ನಲ್ಲ, ಕುಗ್ಗಿದ ಬಳಿಕ ಉಳಿದ ಗಾತ್ರವನ್ನು ಎಂಬುದು ಗಮನಾರ್ಹ.

ಈ ಕೊರತೆಯನ್ನು ತುಂಬಲು ಬಂದುದೇ ಬೆಳಕಿನ ಚದುರಿಕೆ. ಸುತ್ತಲೂ ಹರಿಯುವ ಕವಚದ್ರವದ ನಡುವೆ ಕಣಗಳು ಒಂದರ ಹಿಂದೊಂದು ಸಾಗುವಂತೆ ಮಾಡಿ, ಲೇಸರ್ ಕಿರಣವನ್ನು ಅಡ್ಡಲಾಗಿ ಹಾಯಿಸಿದಾಗ, ಮುಂದಕ್ಕೆ ಕಿರುಕೋನದಲ್ಲಿ ಚದುರುವ ಬೆಳಕು ಮುಖ್ಯವಾಗಿ ಗಾತ್ರವನ್ನೂ, ಪಕ್ಕಕ್ಕೆ ಚದುರುವ ಬೆಳಕು ಒಳಗಿನ ಕಣಿಕೆಗಳ ಹಾಗೂ ಬೀಜಕೇಂದ್ರದ ಜಟಿಲತೆಯನ್ನೂ ಸೂಚಿಸುತ್ತದೆ. ಲಿಂಫೊಸೈಟು ಎರಡರಲ್ಲಿಯೂ ಕೆಳಗೆ ನಿಲ್ಲುವುದು. ಮಾನೊಸೈಟು ದೊಡ್ಡದಾದರೂ ಪಕ್ಕಕ್ಕೆ ಅಷ್ಟು ಚೆಲ್ಲುವುದಿಲ್ಲ. ನ್ಯೂಟ್ರೊಫಿಲ್ಲು ಎರಡರಲ್ಲಿಯೂ ಮೇಲೇರುವುದು. ಇಯೊಸಿನೊಫಿಲ್ಲಿನ ಕಣಿಕೆಗಳಾದರೋ ಧ್ರುವೀಕೃತ ಬೆಳಕಿನ ಧ್ರುವೀಕರಣವನ್ನೇ ಕೆಡಿಸುವುದರಿಂದ ಅದನ್ನು ಬೇರೆಯಾಗಿ ಗುರುತಿಸಲು ಸಾಧ್ಯವಾಗುವುದು.

ಇನ್ನು ಮಿಥ್ಯಾಂಕಗಳ ವಿಚಾರ. ನಮ್ಮ ನಾಡಿನಲ್ಲಿ ಮಳೆಗಾಲದ ಡೆಂಗಿ ಜ್ವರದ ದಿನಗಳಲ್ಲಿ ಮನೆಮಂದಿಯೆಲ್ಲ ಬಾಯಿಪಾಠ ಮಾಡುವ ಅಂಕಿಯೆಂದರೆ ಪ್ಲೇಟ್‌ಲೆಟ್ ಕೌಂಟ್. ಯಂತ್ರವು ಅತಿ ಸುಲಭವಾಗಿ ಮೋಸಹೋಗುವುದೂ ಅದರಲ್ಲಿಯೇ. ನಳಿಕೆಯಲ್ಲಿ ರಕ್ತವು ಹೆಪ್ಪುಗಟ್ಟದಿರಲೆಂದು ಇಟ್ಟ ಇ.ಡಿ.ಟಿ.ಎ. ಎಂಬ ಲವಣವು ಕ್ಯಾಲ್ಸಿಯಂ ಅನ್ನು ಸೆಳೆದುಕೊಂಡಾಗ ಪ್ಲೇಟ್‌ಲೆಟ್ಟಿನ ಮೇಲ್ಮೈಯ ಒಂದು ಪ್ರೋಟೀನಿನ ರೂಪವು ಬದಲಾಗಿ, ಅದುವರೆಗೆ ಮರೆಯಲ್ಲಿದ್ದ ಭಾಗವು ಹೊರಗೆ ಕಾಣಿಸಿಕೊಳ್ಳುತ್ತದೆ. ಕೆಲವರ ರಕ್ತದಲ್ಲಿ ಆ ಭಾಗಕ್ಕೆ ಅಂಟುವ ಪ್ರತಿಕಾಯಗಳಿರುತ್ತವೆ. ದೇಹದೊಳಗೆ ಅವು ನಿರುಪದ್ರವಿಗಳು, ನಳಿಕೆಯಲ್ಲಿ ಮಾತ್ರ ಅವು ಪ್ಲೇಟ್‌ಲೆಟ್ಟುಗಳನ್ನು ಗುಂಪುಕಟ್ಟಿಸುತ್ತವೆ. ಗುಂಪು 20 ಫೆಮ್ಟೊಲೀಟರಿನ ಮಿತಿಯನ್ನು ದಾಟಿತೆಂದರೆ ಯಂತ್ರದ ಪಾಲಿಗೆ ಅದು ಪ್ಲೇಟ್‌ಲೆಟ್ ಅಲ್ಲ. ದೊಡ್ಡ ಗುಂಪಾದರೆ ಅದು ಬಿಳಿಕಣಗಳ ಲೆಕ್ಕಕ್ಕೂ ಸೇರಬಹುದು. ರಿಪೋರ್ಟಿನಲ್ಲಿ ಕೌಂಟ್ 28,000 ಎಂದು ಬಂದಿದ್ದು, ರೋಗಿಯ ಚರ್ಮದ ಮೇಲೆ ಒಂದು ಕೆಂಪುಚುಕ್ಕೆಯೂ ಇಲ್ಲವೆಂದು ಭಾವಿಸೋಣ. ಹಿಸ್ಟೊಗ್ರಾಮಿನ ಬಲತುದಿಯು ತಳರೇಖೆಗೆ ಇಳಿಯದೆ ಹಲ್ಲುಹಲ್ಲಾಗಿ ನಿಂತಿರುವುದೇ ಮೊದಲನೆಯ ಸುಳಿವು. ಸ್ಲೈಡಿನ ಮೇಲೆ ರಕ್ತವನ್ನು ಎಳೆದು ಬಣ್ಣಹಾಕಿ, ಅದರ ತೆಳುವಾದ ಅಂಚನ್ನು ನೋಡಿದರೆ ಅಲ್ಲಿ ಪ್ಲೇಟ್‌ಲೆಟ್ಟಿನ ಗೊಂಚಲುಗಳು ಕಣ್ಣಿಗೆ ಬೀಳುವುವು. ಬಳಿಕ ಸಿಟ್ರೇಟ್ ಇರುವ ನೀಲಿ ಮುಚ್ಚಳದ ನಳಿಕೆಯಲ್ಲಿ ಹೊಸದಾಗಿ ರಕ್ತ ತೆಗೆದು ಎಣಿಸಿದಾಗ 1,90,000 ಬಂದರೆ, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರವ ಸೇರಿರುವುದರಿಂದ 1.1ರಿಂದ ಗುಣಿಸಿ 2,09,000 ಎಂದು ತಿಳಿಯತಕ್ಕದ್ದು. ಸಿಟ್ರೇಟಿನಲ್ಲಿಯೂ ಗುಂಪುಕಟ್ಟುವ ರಕ್ತವುಂಟು; ಅಂಥಲ್ಲಿ ತೆಗೆದ ಕೂಡಲೇ ಎಣಿಸುವುದು ಮೇಲು.

ಇದಕ್ಕೆ ವಿಪರೀತವಾದ ತಪ್ಪೂ ಉಂಟು. ಥಲಸೇಮಿಯ ಅಥವಾ ತೀವ್ರವಾದ ಕಬ್ಬಿಣದ ಕೊರತೆಯಲ್ಲಿ ಅತಿ ಕಿರಿದಾದ ಕೆಂಪುಕಣಗಳೂ ಒಡೆದ ಚೂರುಗಳೂ ಪ್ಲೇಟ್‌ಲೆಟ್ಟಿನ ಎಲ್ಲೆಯೊಳಗೆ ನುಸುಳಿ ಅದರ ಕೌಂಟನ್ನು ಹುಸಿಯಾಗಿ ಏರಿಸುತ್ತವೆ. ಇದು ಹೆಚ್ಚು ಅಪಾಯಕರವೆಂದು ನನ್ನ ಮತ. ಏಕೆಂದರೆ ಸಾಕಷ್ಟಿದೆ ಎಂಬ ಅಂಕಿಯನ್ನು ಯಾರೂ ಮರುಪರೀಕ್ಷಿಸುವುದಿಲ್ಲ.

ಅಳೆದ ಅಂಕಿಗೂ ಲೆಕ್ಕಹಾಕಿದ ಅಂಕಿಗೂ ಇರುವ ಸಂಬಂಧವು ಸ್ಫುಟವಾಗಿ ಕಾಣುವುದು ಶೀತಪ್ರತಿಕಾಯಗಳಿರುವ ರಕ್ತದಲ್ಲಿ. ಮೈಕೊಪ್ಲಾಸ್ಮ ನ್ಯುಮೋನಿಯದ ತರುವಾಯ ಇದು ಕಾಣಬರುವುದುಂಟು. ತಂಪಿನಲ್ಲಿ ಕೆಂಪುಕಣಗಳು ಪರಸ್ಪರ ಅಂಟಿಕೊಂಡು, ಎರಡು ಕೂಡಿ ದಾಟಿದರೆ ಯಂತ್ರಕ್ಕೆ ಅವು ಒಂದೇ ದೊಡ್ಡ ಕಣ. ಇನ್ನೂ ದೊಡ್ಡ ಗುಂಪುಗಳು ಲೆಕ್ಕಕ್ಕೇ ಬಾರವು. ಒಂದು ಮಾದರಿಯ ಲೆಕ್ಕವನ್ನು ನೋಡೋಣ: ಕೆಂಪುಕಣಗಳು ಮೈಕ್ರೊಲೀಟರಿಗೆ 18 ಲಕ್ಷ, ಸರಾಸರಿ ಗಾತ್ರವಾದ ಎಂ.ಸಿ.ವಿ. 118, ಹಿಮೋಗ್ಲೋಬಿನ್ 10.2 ಗ್ರಾಂ. ಮೊದಲೆರಡನ್ನು ಗುಣಿಸಿದಾಗ ಬರುವ ಹೆಮಟೊಕ್ರಿಟ್ ಶೇಕಡಾ 21.2. ಹಿಮೋಗ್ಲೋಬಿನ್ನನ್ನು ಕಣಗಳನ್ನೆಲ್ಲ ಒಡೆದು ಬಣ್ಣದಿಂದ ಅಳೆಯುವುದರಿಂದ ಕಣಗಳು ಅಂಟಿದ್ದರೂ ಅದಕ್ಕೆ ಬಾಧಕವಿಲ್ಲ, ಆದುದರಿಂದ 10.2ನ್ನು 21.2ರಿಂದ ಭಾಗಿಸಿದರೆ ಎಂ.ಸಿ.ಎಚ್.ಸಿ. 48 ಆಗುತ್ತದೆ. ಕಣದೊಳಗೆ ಹಿಮೋಗ್ಲೋಬಿನ್ ಅಷ್ಟು ಸಾಂದ್ರವಾಗಿ ಕರಗಿರಲಾರದು. ಗೋಳಕಣಗಳ ಆನುವಂಶಿಕ ವ್ಯಾಧಿಯಲ್ಲಿಯೂ ಅದು ಸಾಧಾರಣವಾಗಿ 37-38ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಅದೇ ನಳಿಕೆಯನ್ನು 37 ಡಿಗ್ರಿಯ ಶಾಖದಲ್ಲಿಟ್ಟು, ಆರಗೊಡದೆ ಮರಳಿ ಎಣಿಸಿದಾಗ ಕೆಂಪುಕಣ 34 ಲಕ್ಷ, ಎಂ.ಸಿ.ವಿ. 90, ಹೆಮಟೊಕ್ರಿಟ್ 30.6, ಎಂ.ಸಿ.ಎಚ್.ಸಿ. 33.3 ಎಂದು ಬಂದರೆ ನಿಜಸ್ಥಿತಿಯು ಬಯಲಾದಂತೆ. ಬದಲಾಗದೆ ನಿಂತುದು ಹಿಮೋಗ್ಲೋಬಿನ್ ಒಂದೇ.

ಎಂ.ಸಿ.ಎಚ್.ಸಿ. ಏರಿದುದೆಲ್ಲವೂ ಶೀತದ ಕಾರಣದಿಂದಲ್ಲ. ಪ್ಲಾಸ್ಮದಲ್ಲಿ ಕೊಬ್ಬು ತುಂಬಿ ಹಾಲಿನಂತೆ ಮಬ್ಬಾಗಿದ್ದರೆ ಆ ಮಬ್ಬು ಬೆಳಕನ್ನು ತಡೆದು ಹಿಮೋಗ್ಲೋಬಿನ್ನನ್ನೇ ಹುಸಿಯಾಗಿ ಏರಿಸುತ್ತದೆ. ಆದರೆ ಅಲ್ಲಿ ಕೆಂಪುಕಣದ ಎಣಿಕೆಯೂ ಎಂ.ಸಿ.ವಿ.ಯೂ ಸಹಜವಾಗಿಯೇ ಇರುವುದರಿಂದ ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಪ್ಲಾಸ್ಮವನ್ನು ತೆಗೆದು ಅಷ್ಟೇ ಪ್ರಮಾಣದ ಉಪ್ಪುದ್ರವವನ್ನು ಸೇರಿಸಿ ಮರಳಿ ಅಳೆದರೆ ಸರಿಯಾದ ಅಂಕಿ ದೊರೆಯುವುದು.

ಎಂ.ಸಿ.ಎಚ್.ಸಿ. 37ನ್ನು ಮೀರಿದ ರಿಪೋರ್ಟನ್ನು ಕಾರಣ ಕಂಡುಕೊಳ್ಳದೆಯೂ, ಮೊದಲ ಬಾರಿಗೆ ಬಹಳ ಕೆಳಗಿಳಿದ ಪ್ಲೇಟ್‌ಲೆಟ್ ಕೌಂಟನ್ನು ಸ್ಲೈಡ್ ನೋಡದೆಯೂ ಲ್ಯಾಬಿನಿಂದ ಹೊರಗೆ ಕಳುಹಿಸತಕ್ಕದ್ದಲ್ಲ. ಪ್ಲೇಟ್‌ಲೆಟ್ ಏರಿಸಬೇಕೆಂದು ಬರೆಯುವ ವೈದ್ಯರೂ ಅದಕ್ಕೆ ಮೊದಲು ಸ್ಲೈಡಿನ ವರದಿಯನ್ನು ಕೇಳಿ ಪಡೆಯಬೇಕು.