ಇಪ್ಪತ್ತು ದಿನ ಸುಮ್ಮನೆ ಬಿಟ್ಟ ಗಡಿಯಾರ

ನನ್ನ ಹಳೆಯ ಕೈಗಡಿಯಾರ ಒಮ್ಮೆ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡತೊಡಗಿತು. ರಿಪೇರಿಯವನ ಬಳಿಗೆ ಒಯ್ದು, ಈಗಲೇ ಸರಿಮಾಡಿ ಕೊಡಯ್ಯ ಎಂದೆ. ಆತ ಒಪ್ಪಲಿಲ್ಲ. "ಒಂದು ವಾರ ನನ್ನ ಹತ್ತಿರ ಇರಲಿ ಸ್ವಾಮಿ. ದಿನಕ್ಕೆ ಎಷ್ಟು ಓಡುತ್ತೆ ಅಂತ ಗೊತ್ತಾಗದೆ ಒಳಗೆ ಕೈಹಾಕಿದರೆ ಇನ್ನೂ ಕೆಡುತ್ತೆ" ಎಂದು ಅದನ್ನು ಮೊಳೆಗೆ ತೂಗುಹಾಕಿದ. ಆಗ ನನಗೆ ಬೇಸರವಾಯಿತು. ಆದರೆ 1977ರಲ್ಲಿ ಅಮೆರಿಕದ ನೌಕಾಸೇನೆಯ ಸಂಶೋಧನಾಲಯದವರೂ ಇದೇ ಉಪಾಯವನ್ನು ಮಾಡಿದ್ದರೆಂದು ಮುಂದೊಂದು ದಿನ ಓದಿದಾಗ, ಆ ರಿಪೇರಿಯವನ ಮೇಲೆ ನನಗೆ ಗೌರವ ಹುಟ್ಟಿತು. ವ್ಯತ್ಯಾಸವಿಷ್ಟೆ: ಅವರ ಗಡಿಯಾರ ತೂಗುತ್ತಿದ್ದುದು ಮೊಳೆಗಲ್ಲ, ನೆಲದಿಂದ ಇಪ್ಪತ್ತು ಸಾವಿರ ಕಿಲೊಮೀಟರು ಎತ್ತರದ ಆಕಾಶದಲ್ಲಿ.

ಆ ಉಪಗ್ರಹದ ಹೆಸರು ಎನ್.ಟಿ.ಎಸ್.-2. ರೋಜರ್ ಈಸ್ಟನ್ ಎಂಬಾತನ ತಂಡ ಸಿದ್ಧಪಡಿಸಿದ್ದ ಇದನ್ನು 1977ರ ಜೂನ್ 23ರಂದು ಹಾರಿಸಿದರು. ಇಂದು ನಮ್ಮ ಜೇಬಿನ ಫೋನಿಗೆ ದಾರಿ ತೋರಿಸುವ ಜಿ.ಪಿ.ಎಸ್. ವ್ಯವಸ್ಥೆಗೆ ಇದು ಮುಂಗೋಳಿಯಂತೆ ಬಂದದ್ದು. ಸೀಸಿಯಂ ಪರಮಾಣುಗಳ ಮಿಡಿತವನ್ನು ಎಣಿಸಿ ಕಾಲ ಹೇಳುವ ಗಡಿಯಾರ ಮೊತ್ತಮೊದಲು ಕಕ್ಷೆಯನ್ನು ಸೇರಿದ್ದು ಇದರಲ್ಲಿಯೇ. ಮೇಲೆ ಹೋದ ಗಡಿಯಾರ ಕೆಳಗಿನ ಗಡಿಯಾರದೊಂದಿಗೆ ಸರಿಯಾಗಿ ಹೆಜ್ಜೆಯಿಡಲಾರದು ಎಂಬುದು ಅದನ್ನು ಕಟ್ಟಿದವರಿಗೆ ತಿಳಿದೇ ಇತ್ತು. ಆದರೆ ಎಷ್ಟು ತಪ್ಪುತ್ತದೆ, ಮುಂದಕ್ಕೋ ಹಿಂದಕ್ಕೋ, ಇದರಲ್ಲಿ ಎಲ್ಲರಿಗೂ ಏಕಾಭಿಪ್ರಾಯವಿರಲಿಲ್ಲ. ತಪ್ಪುವುದೇ ಇಲ್ಲ ಎನ್ನುವವರೂ ಕೆಲವರಿದ್ದರು. ಆದ್ದರಿಂದ ಗಡಿಯಾರದ ಗತಿಯನ್ನು ತಿದ್ದುವ ಒಂದು ವಿದ್ಯುತ್ ಸಾಧನವನ್ನು ಒಳಗೆ ಕೂರಿಸಿ, ಅದನ್ನು ನೆಲದಿಂದಲೇ ಚಾಲೂ ಮಾಡಲು ಬರುವಂತೆ ಅಣಿಗೊಳಿಸಿದರು. ಮೊದಲು ಸುಮಾರು ಇಪ್ಪತ್ತು ದಿನ ಅದನ್ನು ಚಾಲೂ ಮಾಡದೆ, ಗಡಿಯಾರವನ್ನು ತನ್ನ ಪಾಡಿಗೆ ಬಿಟ್ಟು ನೋಡುವುದೆಂದು ನಿಶ್ಚಯವಾಯಿತು.

ಮೇಲಿನ ಗಡಿಯಾರ ತಪ್ಪುವುದೇಕೆ? ಕಾರಣಗಳು ಎರಡು, ಒಂದು ಹಿಂದಕ್ಕೆಳೆದರೆ ಇನ್ನೊಂದು ಮುಂದಕ್ಕೆ ದೂಡುತ್ತದೆ. ಮೊದಲನೆಯದು ಓಟದ ಪರಿಣಾಮ. ನಮ್ಮೆದುರು ವೇಗವಾಗಿ ಸಾಗುವ ಗಡಿಯಾರ, ನಿಂತಿರುವ ನಮ್ಮ ಗಡಿಯಾರಕ್ಕಿಂತ ನಿಧಾನವಾಗಿ ನಡೆಯುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ತೋರಿಸಿದ. ಈ ಎತ್ತರದ ಉಪಗ್ರಹದ ವೇಗ ಸೆಕೆಂಡಿಗೆ 3.9 ಕಿಲೊಮೀಟರು. ಬೆಳಕಿನ ವೇಗದ ಮುಂದೆ ಇದು ಏನೇನೂ ಅಲ್ಲ. ಆದರೂ ಲೆಕ್ಕ ಹಾಕಿದರೆ ಗಡಿಯಾರ ದಿನಕ್ಕೆ ಸುಮಾರು 7 ಮೈಕ್ರೊಸೆಕೆಂಡು ಹಿಂದೆ ಬೀಳಬೇಕು. ಮೈಕ್ರೊಸೆಕೆಂಡು ಎಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು.

ಎರಡನೆಯದು ಭೂಮಿಯ ಸೆಳೆತದ ಪರಿಣಾಮ. ಇದನ್ನು ಹೀಗೆ ಯೋಚಿಸಬಹುದು. ಗೋಪುರದ ಬುಡದಿಂದ ತುದಿಗೆ ಬೆಳಕನ್ನು ಕಳುಹಿಸಿದರೆ, ಮೇಲೇರುವ ದಣಿವಿನಲ್ಲಿ ಅದು ಸ್ವಲ್ಪ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಎಂದರೆ ತುದಿಯಲ್ಲಿ ನಿಂತವನಿಗೆ ಅದರ ಅಲೆಗಳು ಕೊಂಚ ವಿರಳವಾಗಿ ಬಂದು ತಲಪುತ್ತವೆ. ಆದರೆ ಬುಡದಿಂದ ಹೊರಟ ಅಲೆಗಳಲ್ಲಿ ಯಾವುದೂ ದಾರಿಯಲ್ಲಿ ಕಾಣೆಯಾಗಿಲ್ಲವಷ್ಟೆ! ಹಾಗಿದ್ದಮೇಲೆ ಅವು ವಿರಳವಾದದ್ದು ಹೇಗೆ? ಬುಡದಲ್ಲಿ ಅಲೆಗಳನ್ನು ಹೊರಡಿಸಿದ ಪರಮಾಣುವೇ, ತುದಿಯವನ ಲೆಕ್ಕದಲ್ಲಿ, ನಿಧಾನವಾಗಿ ಮಿಡಿಯುತ್ತಿರಬೇಕು. ಬೇರೆ ಉತ್ತರವಿಲ್ಲ. ಹಾರ್ವರ್ಡಿನಲ್ಲಿ ಪೌಂಡ್ ಮತ್ತು ರೆಬ್ಕಾ ಎಂಬಿಬ್ಬರು 22.5 ಮೀಟರಿನ ಗೋಪುರವೊಂದರಲ್ಲಿ ಇದನ್ನು ಅಳೆದು 1960ರಲ್ಲಿ ಪ್ರಕಟಿಸಿದ್ದರು. ಗೋಪುರಕ್ಕೆ ಬದಲಾಗಿ ಇಪ್ಪತ್ತು ಸಾವಿರ ಕಿಲೊಮೀಟರು ಎಂದಿಟ್ಟುಕೊಂಡರೆ, ಮೇಲಿನ ಗಡಿಯಾರ ದಿನಕ್ಕೆ ಸುಮಾರು 45.7 ಮೈಕ್ರೊಸೆಕೆಂಡು ಮುಂದೆ ಓಡಬೇಕು. ಹಿಂದಕ್ಕೆ ಏಳು, ಮುಂದಕ್ಕೆ ನಲವತ್ತೈದು ಚಿಲ್ಲರೆ. ಕಳೆದರೆ ಉಳಿಯುವುದು ಸುಮಾರು 38.6. ಸಿದ್ಧಾಂತ ಹೇಳಿದ್ದು ಇದು.

ಗೋಪುರದಲ್ಲಿ ಸಾಬೀತಾದದ್ದನ್ನು ಹದಿನೇಳು ವರ್ಷಗಳ ಮೇಲೂ ಸಂಶಯಿಸಿದವರನ್ನು ಕಂಡು ನಗುವುದು ಸುಲಭ. ನಾನು ನಗಲಾರೆ. ಗೋಪುರದಲ್ಲಿ ಅಳೆದದ್ದು ಬೆಳಕಿನ ಅಲೆಯನ್ನು, ಗಡಿಯಾರವನ್ನಲ್ಲ. ಹಾಫೆಲೆ ಮತ್ತು ಕೀಟಿಂಗ್ 1971ರ ಅಕ್ಟೋಬರಿನಲ್ಲಿ ನಾಲ್ಕು ಸೀಸಿಯಂ ಗಡಿಯಾರಗಳಿಗೆ ಪ್ರಯಾಣಿಕರ ವಿಮಾನದಲ್ಲಿ ಜಾಗ ಕೊಡಿಸಿ ಭೂಮಿಯನ್ನು ಸುತ್ತಿಬಂದರೇನೋ ನಿಜ. ಆದರೆ ಅಲ್ಲಿ ಕಂಡ ವ್ಯತ್ಯಾಸ ಮೈಕ್ರೊಸೆಕೆಂಡಿಗೂ ಕಡಿಮೆ; ಗಡಿಯಾರಗಳ ಸ್ವಂತ ಓಲಾಟದಿಂದ ಅದನ್ನು ಬೇರ್ಪಡಿಸಲು ಹೆಣಗಾಡಬೇಕಾಯಿತು. 1976ರಲ್ಲಿ ವೆಸ್ಸೊ ಎಂಬಾತನ ತಂಡ ರಾಕೆಟ್ಟಿನಲ್ಲಿ ಜಲಜನಕದ ಗಡಿಯಾರವನ್ನು ಹತ್ತು ಸಾವಿರ ಕಿಲೊಮೀಟರು ಮೇಲಕ್ಕೆ ಚಿಮ್ಮಿಸಿತ್ತು. ಎರಡು ಗಂಟೆಯೊಳಗೆ ಅದು ಕೆಳಗೆ ಬಂದುಬಿಟ್ಟಿತು. ತಿಂಗಳುಗಟ್ಟಲೆ ಕೆಲಸ ಮಾಡಬೇಕಾದ ಯಂತ್ರವನ್ನು ಕಟ್ಟುವ ಎಂಜಿನಿಯರು, ತಿದ್ದುವ ಕೀಲಿಯೊಂದನ್ನು ಕೈಯಲ್ಲಿಟ್ಟುಕೊಂಡು "ನೋಡಿಯೇ ಬಿಡೋಣ" ಎಂದರೆ ತಪ್ಪೇನು?

ನೋಡುವುದೇನೋ ಸರಿ, ನೋಡುವುದು ಹೇಗೆ? ಇಲ್ಲಿಯೇ ನಿಜವಾದ ಕಷ್ಟವಿರುವುದು. ಹತ್ತಿರ ಬರುವ ರೈಲಿನ ಸಿಳ್ಳು ತೀಕ್ಷ್ಣವಾಗಿ, ದೂರ ಹೋಗುವಾಗ ಮಂದ್ರವಾಗಿ ಕೇಳುವುದನ್ನು ವಾಚಕರು ಬಲ್ಲರು. ಉಪಗ್ರಹದ ರೇಡಿಯೊ ದನಿಗೂ ಇದೇ ಗತಿ. ಅದು ನಮ್ಮತ್ತ ಬರುವಾಗ, ಹೋಗುವಾಗ ಆಗುವ ಈ ಏರಿಳಿತ, ನಾವು ಹುಡುಕುತ್ತಿರುವ ಸೂಕ್ಷ್ಮ ವ್ಯತ್ಯಾಸಕ್ಕಿಂತ ಸಾವಿರಾರು ಪಟ್ಟು ದೊಡ್ಡದಾಗಬಹುದು. ದನಿಯನ್ನೇ ಆಲಿಸುತ್ತ ಕುಳಿತರೆ ಸಂತೆಯಲ್ಲಿ ಪಿಸುಮಾತು ಕೇಳಿದಂತೆಯೇ. ಆದ್ದರಿಂದ ಬೇರೆ ದಾರಿ ಹಿಡಿಯಬೇಕು: ಗಡಿಯಾರದ ಗತಿಯನ್ನು ನೋಡದೆ, ಅದು ತೋರಿಸುವ ಹೊತ್ತನ್ನು ನೋಡುವುದು. ಸಂಕೇತ ಮೇಲಿನಿಂದ ಕೆಳಗಿಳಿಯಲು ಸೆಕೆಂಡಿನ ಹದಿನೈದನೆಯ ಒಂದು ಪಾಲಿನಷ್ಟು ಹೊತ್ತು ಬೇಕು. ಉಪಗ್ರಹ ಎಲ್ಲಿದೆಯೆಂದು ಕಕ್ಷೆಯ ಲೆಕ್ಕದಿಂದ ಗೊತ್ತಿದ್ದರೆ ಆ ಹೊತ್ತನ್ನು ಕಳೆಯಬಹುದು. ಲೆಕ್ಕದಲ್ಲಿ 30 ಮೀಟರು ತಪ್ಪಿದರೂ ಕಾಲದಲ್ಲಿ ಆಗುವ ತಪ್ಪು ಮೈಕ್ರೊಸೆಕೆಂಡಿನ ಹತ್ತನೆಯ ಒಂದು ಪಾಲು ಮಾತ್ರ. ಮೇಲಾಗಿ ಆ ತಪ್ಪು ದಿನದಿಂದ ದಿನಕ್ಕೆ ಕೂಡುತ್ತ ಹೋಗುವುದಿಲ್ಲ. ಗಡಿಯಾರದ ಓಟವಾದರೋ ಸಾಲದ ಬಡ್ಡಿಯಂತೆ ದಿನವೂ ಕೂಡುತ್ತದೆ. ದಿನಕ್ಕೆ 38 ಎಂದರೆ ಇಪ್ಪತ್ತು ದಿನಕ್ಕೆ 760 ಮೈಕ್ರೊಸೆಕೆಂಡು. ರಿಪೇರಿಯವನು ನನ್ನ ಗಡಿಯಾರವನ್ನು ಒಂದು ಗಂಟೆಯಲ್ಲ, ಒಂದು ವಾರ ಇರಿಸಿಕೊಂಡದ್ದೂ ಇದೇ ಕಾರಣಕ್ಕೆ.

ಸೀಸಿಯಮ್ಮೇ ಏಕೆ ಬೇಕಾಯಿತು ಎಂಬುದನ್ನೂ ಹೇಳಬೇಕು. ಹರಳಿನ ಗಡಿಯಾರವಾಗಿದ್ದರೆ ರಾಕೆಟ್ಟಿನ ಕುಲುಕಾಟಕ್ಕೆ ಅದರ ಗತಿಯೇ ಬದಲಾಗಿರುತ್ತಿತ್ತು. ಆಮೇಲೆ ಕಂಡ ವ್ಯತ್ಯಾಸ ಐನ್‌ಸ್ಟೈನನದೋ ರಾಕೆಟ್ಟಿನದೋ ಹೇಳುವವರಾರು? ಸೀಸಿಯಂ ಹಾಗಲ್ಲ. 1967ರಿಂದ ಸೆಕೆಂಡು ಎಂಬುದರ ವ್ಯಾಖ್ಯೆಯೇ ಸೀಸಿಯಂ ಪರಮಾಣುವಿನ 9,192,631,770 ಮಿಡಿತಗಳು. ಕುಲುಕಿದರೂ ಪರಮಾಣು ತನ್ನ ಎಣಿಕೆ ಮರೆಯುವುದಿಲ್ಲ.

ಇಪ್ಪತ್ತು ದಿನ ಕಳೆದವು. ಗಡಿಯಾರ ಮುಂದೆ ಓಡಿತ್ತು. ಸಿದ್ಧಾಂತದ ಪ್ರಕಾರ ಅದು ಒಂದು ಲಕ್ಷ ಕೋಟಿಯಲ್ಲಿ 446.5 ಪಾಲು ವೇಗವಾಗಿ ನಡೆಯಬೇಕಿತ್ತು; ಅಳತೆಯಲ್ಲಿ ಸಿಕ್ಕಿದ್ದು 442.5. ದಿನದ ಲೆಕ್ಕಕ್ಕೆ ತಂದರೆ 38.6 ಮೈಕ್ರೊಸೆಕೆಂಡು ನಿರೀಕ್ಷಿಸಿದಲ್ಲಿ 38.2 ಸಿಕ್ಕಿತು. ಉಳಿದ ಅಂತರ ಆ ಗಡಿಯಾರದ ಸ್ವಂತ ನಿಖರತೆಯ ಮಿತಿಯೊಳಗೇ ಇತ್ತು. ವಾದ ಮುಗಿಯಿತು, ತಿದ್ದುವ ಸಾಧನವನ್ನು ಚಾಲೂ ಮಾಡಿದರು.

ಆಮೇಲಿನ ಜಿ.ಪಿ.ಎಸ್. ಉಪಗ್ರಹಗಳಲ್ಲಿ ಈ ತಿದ್ದುಪಡಿಯನ್ನು ನೆಲದಲ್ಲಿಯೇ ಮಾಡಿ ಕಳುಹಿಸುವ ಪದ್ಧತಿ ಬಂತು. ಗಡಿಯಾರದ ಮೂಲ ಕಂಪನ ಸೆಕೆಂಡಿಗೆ ಒಂದು ಕೋಟಿ ಎರಡು ಲಕ್ಷ ಮೂವತ್ತು ಸಾವಿರ ಇರಬೇಕಾದಲ್ಲಿ, ಅದಕ್ಕಿಂತ ಒಂದು ಕಂಪನದ ಸಾವಿರದ ನಾಲ್ಕೂವರೆ ಪಾಲು ಕಡಿಮೆ ಇಡುತ್ತಾರೆ. ಎಂದರೆ ಕಾರ್ಖಾನೆಯಿಂದ ಹೊರಡುವಾಗ ಅದು ಬೇಕೆಂದೇ ಕೆಡಿಸಿದ ಗಡಿಯಾರ. ಮೇಜಿನ ಮೇಲಿದ್ದಷ್ಟು ದಿನವೂ ಹಿಂದೆ ಬೀಳುತ್ತದೆ, ಮೇಲೇರಿದ ಮೇಲೆ ಸರಿಹೋಗುತ್ತದೆ.

ಎಲ್ಲ ಉಪಗ್ರಹಗಳ ಗಡಿಯಾರವೂ ಮುಂದೆಯೇ ಓಡುತ್ತದೆಂದು ತಿಳಿಯಬಾರದು. ಕೆಳಗಿನ ಕಕ್ಷೆಯಲ್ಲಿ ಓಟ ಹೆಚ್ಚು, ಎತ್ತರದ ಲಾಭ ಕಡಿಮೆ. ಸುಮಾರು 400 ಕಿಲೊಮೀಟರು ಮೇಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗಡಿಯಾರ ದಿನಕ್ಕೆ ಸುಮಾರು 25 ಮೈಕ್ರೊಸೆಕೆಂಡು ಹಿಂದೆ ಬೀಳುತ್ತದೆ. ಎತ್ತರ 3,200 ಕಿಲೊಮೀಟರಿಗೆ ಸಮೀಪಿಸಿದಾಗ ಎರಡೂ ಸರಿತೂಗಿ, ಗಡಿಯಾರ ನೆಲದ ಗಡಿಯಾರದೊಂದಿಗೆ ಸಮವಾಗಿ ನಡೆಯುತ್ತದೆ. ಅಲ್ಲಿಂದಾಚೆಗೆ ಮುಂದೆ ಓಡುವುದೇ. ನಮ್ಮ ದೇಶದ ನಾವಿಕ್ ವ್ಯವಸ್ಥೆಯ ಉಪಗ್ರಹಗಳು ಸುತ್ತುವ 36,000 ಕಿಲೊಮೀಟರು ಎತ್ತರದಲ್ಲಿ ಅದು ದಿನಕ್ಕೆ 46 ಮೈಕ್ರೊಸೆಕೆಂಡು ದಾಟುತ್ತದೆ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಕೇಂದ್ರದವರಿಗೂ ಈ ಲೆಕ್ಕ ತಪ್ಪಿದ್ದಲ್ಲ.

ಇಲ್ಲಿ ಒಂದು ಮಾತು. ಈ ತಿದ್ದುಪಡಿ ಇಲ್ಲದಿದ್ದರೆ ನಮ್ಮ ಫೋನು ದಿನಕ್ಕೆ ಹನ್ನೊಂದು ಕಿಲೊಮೀಟರು ದಾರಿ ತಪ್ಪಿಸುತ್ತಿತ್ತು ಎಂದು ಜನಪ್ರಿಯ ಲೇಖನಗಳಲ್ಲಿ ಓದುತ್ತೇವೆ. 38 ಮೈಕ್ರೊಸೆಕೆಂಡಿನಲ್ಲಿ ಬೆಳಕು ಅಷ್ಟು ದೂರ ಹೋಗುವುದು ನಿಜ. ಆದರೆ ತೀರ್ಮಾನ ಅವಸರದ್ದು. ಎಲ್ಲ ಉಪಗ್ರಹಗಳ ಗಡಿಯಾರಗಳೂ ಒಂದೇ ಸಮನೆ ಮುಂದೆ ಓಡಿದರೆ, ಫೋನು ಅದನ್ನು ತನ್ನ ಸ್ವಂತ ಗಡಿಯಾರದ ತಪ್ಪೆಂದು ಭಾವಿಸಿ ಕಳೆದುಬಿಡುತ್ತದೆ. ಹೇಗೂ ತನ್ನ ಗಡಿಯಾರವನ್ನು ಅದು ನಂಬುವುದಿಲ್ಲ. ಆಗ ಹೊತ್ತು ತಪ್ಪುತ್ತದೆ, ಜಾಗ ಹೆಚ್ಚಾಗಿ ತಪ್ಪುವುದಿಲ್ಲ. ಜಾಗ ತಪ್ಪಿಸುವ ಕಳ್ಳ ಬೇರೆಯೇ ಇದ್ದಾನೆ. ಯಾವ ಕಕ್ಷೆಯೂ ಅಚ್ಚುಕಟ್ಟಾದ ವೃತ್ತವಲ್ಲ. ಉಪಗ್ರಹ ಸ್ವಲ್ಪ ಕೆಳಗಿಳಿದಾಗ ಓಟ ಹೆಚ್ಚಿ ಗಡಿಯಾರ ನಿಧಾನಿಸುತ್ತದೆ, ಮೇಲೇರಿದಾಗ ಚುರುಕಾಗುತ್ತದೆ. ಒಂದೊಂದು ಉಪಗ್ರಹಕ್ಕೂ ಒಂದೊಂದು ಬಗೆ. ವೃತ್ತ ನೂರಕ್ಕೆ ಒಂದು ಪಾಲಿನಷ್ಟು ಸೊಟ್ಟಗಿದ್ದರೂ ಇದರಿಂದ ಏಳು ಮೀಟರಿನಷ್ಟು ಹೆಚ್ಚುಕಡಿಮೆಯಾಗಬಹುದು. ಇದನ್ನು ಕಾರ್ಖಾನೆಯಲ್ಲಿ ತಿದ್ದಲಾಗುವುದಿಲ್ಲ. ಉಪಗ್ರಹ ಎಲ್ಲಿದೆಯೆಂದು ನೋಡಿಕೊಂಡು, ಕೆಳಗಿನ ಫೋನೇ ಆಗಿಂದಾಗ ಕಳೆದು ಕೂಡಿ ಮಾಡಬೇಕು.

ಈ ಸಣ್ಣ ಏರಿಳಿತವೇ ಒಮ್ಮೆ ಭಾಗ್ಯವಾಗಿ ಬಂದದ್ದುಂಟು. 2014ರ ಆಗಸ್ಟಿನಲ್ಲಿ ಯೂರೋಪಿನ ಗೆಲಿಲಿಯೊ ವ್ಯವಸ್ಥೆಯ ಎರಡು ಉಪಗ್ರಹಗಳನ್ನು ಹಾರಿಸಿದಾಗ, ರಾಕೆಟ್ಟಿನ ಮೇಲಿನ ಹಂತದಲ್ಲಿ ಇಂಧನದ ನಳಿಗೆಯೊಂದು ಹೆಪ್ಪುಗಟ್ಟಿ, ಅವು ತಪ್ಪು ಕಕ್ಷೆಗೆ ಬಿದ್ದವು. ಎಷ್ಟು ಸರಿಪಡಿಸಿದರೂ ದಿನಕ್ಕೆರಡು ಬಾರಿ ಎಂಟು ಸಾವಿರ ಕಿಲೊಮೀಟರಿಗೂ ಹೆಚ್ಚು ಏರಿ ಇಳಿಯುವುದು ತಪ್ಪಲಿಲ್ಲ. ದಾರಿ ತೋರಿಸುವ ಕೆಲಸಕ್ಕೆ ಅವು ಒದಗಿಬರುವುದು ಕಷ್ಟವಾಯಿತು. ಆದರೆ ಅವುಗಳ ಒಳಗಿದ್ದ ಗಡಿಯಾರಗಳು ಚೆನ್ನಾಗಿದ್ದವು. ಏರಿದಾಗ ಚುರುಕು, ಇಳಿದಾಗ ನಿಧಾನ, ಹೀಗೆ ಪ್ರತಿ ಸುತ್ತಿನಲ್ಲಿಯೂ ಅವು ಮೈಕ್ರೊಸೆಕೆಂಡಿನ ಮೂರನೆಯ ಒಂದು ಪಾಲಿಗೂ ಮಿಕ್ಕು ಅತ್ತಿತ್ತ ತೂಗಾಡುತ್ತಿದ್ದವು. ಪ್ಯಾರಿಸಿನ ಮತ್ತು ಬ್ರೆಮೆನಿನ ಎರಡು ತಂಡಗಳು ಈ ತೂಗಾಟವನ್ನು ದಿನಗಳಲ್ಲ, ಸಾವಿರಕ್ಕೂ ಹೆಚ್ಚು ದಿನಗಳ ಕಾಲ ಕೂಡಿಟ್ಟು, 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದವು. 1976ರ ರಾಕೆಟ್ಟಿನ ಪ್ರಯೋಗಕ್ಕಿಂತ ಅದು ಸುಮಾರು ಐದು ಪಟ್ಟು ನಿಖರವಾಗಿತ್ತು.