ಅಂತರ್ಗತ ಲಾಜಿಕ್ ಅನಲೈಜರ್

ಎಫ್‌ಪಿಜಿಎ ಚಿಪ್‌ನೊಳಗಿನ ಸಂಕೇತಗಳನ್ನು ಅದೇ ಚಿಪ್‌ನ ಲಾಜಿಕ್ ಮತ್ತು ಮೆಮೊರಿ ಬಳಸಿ ದಾಖಲಿಸುವ ಸರ್ಕ್ಯೂಟ್. ವಿನ್ಯಾಸದ ಜೊತೆಯಲ್ಲೇ ಇದನ್ನೂ ಚಿಪ್‌ಗೆ ತುಂಬಲಾಗುತ್ತದೆ. ಕ್ಲಾಕ್‌ನ ಪ್ರತಿ ಬಡಿತಕ್ಕೂ ಆಯ್ದ ಸಂಕೇತಗಳು ಮೆಮೊರಿಗೆ ಹೋಗುತ್ತವೆ. ಮೆಮೊರಿ ತುಂಬಿದ ಮೇಲೆ ಹಳೆಯದರ ಜಾಗಕ್ಕೆ ಹೊಸದು ಬರುತ್ತದೆ. ಟ್ರಿಗರ್ ಎಂಬ ಷರತ್ತು ಈಡೇರಿದಾಗ ದಾಖಲೆ ನಿಂತು, ಜೆಟ್ಯಾಗ್ ಕೇಬಲ್ ಮೂಲಕ ಕಂಪ್ಯೂಟರ್ ಪರದೆಗೆ ಬರುತ್ತದೆ.

ಹಿನ್ನೆಲೆ

ಹ್ಯೂಲೆಟ್ ಪ್ಯಾಕರ್ಡ್ ಕಂಪನಿ 1973ರಲ್ಲಿ ಲಾಜಿಕ್ ಅನಲೈಜರ್ ಉಪಕರಣವನ್ನು ಮಾರುಕಟ್ಟೆಗೆ ತಂದಾಗ, ನೋಡಬೇಕಾದ ಸಂಕೇತಗಳಲ್ಲಿ ಹೆಚ್ಚಿನವು ಬೋರ್ಡಿನ ತಂತಿಗಳ ಮೇಲೇ ಇದ್ದವು. ಪ್ರೋಬ್ ಸಿಕ್ಕಿಸಿದರೆ ಸಾಕಿತ್ತು. 1985ರಲ್ಲಿ ಝೈಲಿಂಕ್ಸ್‌ನ ಮೊದಲ ಎಫ್‌ಪಿಜಿಎ ಬಂದ ಮೇಲೆ ಆ ತಂತಿಗಳು ಒಂದೊಂದಾಗಿ ಚಿಪ್‌ನೊಳಗೆ ಸರಿದವು. ಮುಂದೆ ಬಿಜಿಎ ಪ್ಯಾಕೇಜ್‌ಗಳಲ್ಲಿ ಸಂಪರ್ಕಗಳು ಚಿಪ್‌ನ ತಳಕ್ಕೆ ಹೋದದ್ದರಿಂದ ಪಿನ್‌ಗಳೂ ಕೈಗೆ ಸಿಗದಾದವು.

ಆಗ ಎರಡು ದಾರಿಗಳಿದ್ದವು. ಬಳಸದ ಪಿನ್‌ಗೆ ಒಳಗಿನ ಸಂಕೇತವನ್ನು ಎಳೆದು ತರುವುದು ಒಂದು. ಇದರಲ್ಲಿ ಬೇರೆ ಸಂಕೇತ ಬೇಕೆನಿಸಿದಾಗಲೆಲ್ಲ ಬದಲಾವಣೆ ಮಾಡಬೇಕು, ಪಿನ್‌ಗಳೂ ಬೇಗ ಮುಗಿಯುತ್ತವೆ. ಫ್ಲಿಪ್‌ಫ್ಲಾಪ್‌ಗಳ ಸ್ಥಿತಿಯನ್ನು ಓದಿ ಹೊರತರುವ ರೀಡ್‌ಬ್ಯಾಕ್ ಇನ್ನೊಂದು. ಅದು ಒಂದು ಕ್ಷಣದ ಚಿತ್ರ ಮಾತ್ರ. ಅದಕ್ಕೂ ಮೊದಲು ಏನಾಯಿತೆಂಬುದು ಅದರಲ್ಲಿರುವುದಿಲ್ಲ.

ಉಗಮ

ಕಾಲಕ್ರಮವನ್ನು ಚಿಪ್‌ನೊಳಗೇ ಹಿಡಿಯಲು ಮೆಮೊರಿ ಬೇಕು, ಅದನ್ನು ಹೊರತರಲು ದಾರಿ ಬೇಕು. ದಾರಿ ಮೊದಲು ಸಿಕ್ಕಿತು: ಬೋರ್ಡ್ ಪರೀಕ್ಷೆಗೆಂದು 1990ರಲ್ಲಿ ಐಇಇಇ 1149.1 ಮಾನದಂಡವಾದ ಜೆಟ್ಯಾಗ್. ಮೆಮೊರಿ ಆಮೇಲೆ ಬಂತು. ಆಲ್ಟೆರಾದ ಫ್ಲೆಕ್ಸ್ 10ಕೆ ಚಿಪ್‌ಗಳಲ್ಲಿ 2,048 ಬಿಟ್‌ಗಳ ಮೆಮೊರಿ ತುಣುಕುಗಳಿದ್ದವು. 1998ರ ಝೈಲಿಂಕ್ಸ್ ವರ್ಟೆಕ್ಸ್‌ನಲ್ಲಿ 4,096 ಬಿಟ್‌ಗಳ ತುಣುಕುಗಳು ಬಂದವು. ಎರಡೂ ಒದಗಿದ ಮೇಲೆ, ಶತಮಾನದ ತಿರುವಿನ ಆಸುಪಾಸಿನಲ್ಲಿ ಆಲ್ಟೆರಾ ಸಿಗ್ನಲ್‌ಟ್ಯಾಪ್ ಅನ್ನೂ ಝೈಲಿಂಕ್ಸ್ ಚಿಪ್‌ಸ್ಕೋಪ್ ಅನ್ನೂ ತಂದವು. ಚಿಪ್‌ಸ್ಕೋಪ್‌ನ ದಾಖಲಿಸುವ ಘಟಕದ ಹೆಸರು ಐಎಲ್ಎ. 2012ರಲ್ಲಿ ಬಂದ ವಿವಾಡೊ ತಂತ್ರಾಂಶದಲ್ಲೂ ಆ ಹೆಸರೇ ಮುಂದುವರಿಯಿತು.

ಮೆಮೊರಿಯ ಮಿತಿ

ವಿನ್ಯಾಸ ಬಳಸುವ ಮೆಮೊರಿಯಲ್ಲೇ ಅನಲೈಜರ್ ಕೂಡ ಪಾಲು ಕೇಳುತ್ತದೆ. ಝೈಲಿಂಕ್ಸ್ ಆರ್ಟಿಕ್ಸ್-7 ಸರಣಿಯ ಒಂದು ಬ್ಲಾಕ್ ರ್‍ಯಾಮ್‌ನಲ್ಲಿ 36 ಸಂಕೇತಗಳ 1,024 ಮಾದರಿಗಳು ಹಿಡಿಯುತ್ತವೆ. 100 ಮೆಗಾಹರ್ಟ್ಸ್ ಕ್ಲಾಕ್‌ನಲ್ಲಿ ಅದು 10.24 ಮೈಕ್ರೋಸೆಕೆಂಡ್. ಆ ಸರಣಿಯ 35ಟಿ ಚಿಪ್‌ನ 50 ಬ್ಲಾಕ್‌ಗಳನ್ನೂ ಇದಕ್ಕೇ ಕೊಟ್ಟರೂ ಅರ್ಧ ಮಿಲಿಸೆಕೆಂಡ್ ದಾಟಿದರೆ ಹೆಚ್ಚು. ಹೀಗಾಗಿ ಹೆಚ್ಚು ದಾಖಲಿಸುವುದಕ್ಕಿಂತ ಬೇಕಾದದ್ದನ್ನೇ ದಾಖಲಿಸುವ ಸೌಲಭ್ಯಗಳು ಸೇರುತ್ತ ಹೋದವು: ಒಂದರ ನಂತರ ಇನ್ನೊಂದು ಘಟನೆ ನಡೆದರಷ್ಟೇ ನಿಲ್ಲುವ ಹಂತಹಂತದ ಟ್ರಿಗರ್, ಷರತ್ತು ಈಡೇರಿದಾಗ ಮಾತ್ರ ಮಾದರಿ ಉಳಿಸುವ ಶೋಧಕ. ಮಿಲಿಸೆಕೆಂಡಿಗೊಮ್ಮೆ ಬರುವ ಪ್ಯಾಕೆಟ್‌ಗೆ ಒಂದೇ ಮಾದರಿ ಉಳಿಸಿದರೆ ಅದೇ 1,024 ಮಾದರಿಗಳು ಒಂದು ಸೆಕೆಂಡನ್ನು ಆವರಿಸುತ್ತವೆ.

ಬಳಕೆಯ ಉದಾಹರಣೆ

ಪ್ಯಾಕೆಟ್ ಸ್ವೀಕರಿಸುವ ಒಂದು ಸರ್ಕ್ಯೂಟ್‌ನಲ್ಲಿ ಆಗಾಗ ಫಿಫೋ ತುಂಬಿ ದತ್ತಾಂಶ ಕಳೆಯುತ್ತದೆ ಎಂದುಕೊಳ್ಳೋಣ. ನೋಡಬೇಕಾದ ಸಂಕೇತ ಸಂಶ್ಲೇಷಣೆಯಲ್ಲಿ ಕರಗಿಹೋಗದಂತೆ ವೆರಿಲಾಗ್‌ನಲ್ಲಿ ಮೊದಲೇ ಗುರುತು ಹಾಕಬೇಕು:

```verilog
(* mark_debug = "true" *) reg [2:0] state;
```

`full` ಮತ್ತು `wr_en` ಎರಡೂ 1 ಆದಾಗ ಟ್ರಿಗರ್ ಆಗುವಂತೆಯೂ, ಅದಕ್ಕೂ ಮುಂಚಿನ 900 ಮಾದರಿಗಳು ಉಳಿಯುವಂತೆಯೂ ಹೊಂದಿಸಲಾಗುತ್ತದೆ. ದಾಖಲೆಯ ಮೊದಲ ಮಾದರಿಯಲ್ಲೇ `rd_en` 0 ಇದ್ದು, `state` ಕಾಯುವ ಸ್ಥಿತಿಯಲ್ಲಿ ನಿಂತಿದ್ದರೆ, ಕಾರಣ ಇನ್ನೂ ಹಿಂದಿದೆ. ಆ ಸ್ಥಿತಿಗೆ ಹೋಗುವ ಕ್ಷಣದಲ್ಲೇ ಟ್ರಿಗರ್ ಇಟ್ಟರೆ ಸರಿಯಾದ ವಹಿವಾಟುಗಳಲ್ಲೂ ನಿಲ್ಲುತ್ತದೆ. ಆದ್ದರಿಂದ `state` ಆ ಸ್ಥಿತಿಯಲ್ಲಿ ಸತತ 500 ಕ್ಲಾಕ್ ಉಳಿದಾಗ ಎಂದು ಷರತ್ತು ಕೊಡಲಾಗುತ್ತದೆ. ಈಗ ಸಿಲುಕಿಕೊಂಡ ಕ್ಷಣ ಕಿಟಕಿಯೊಳಗೆ ಬರುತ್ತದೆ: ಒಂದೇ ಕ್ಲಾಕ್ ಉದ್ದದ `ack`, ಸರ್ಕ್ಯೂಟ್ ಕಾಯುವ ಸ್ಥಿತಿಗೆ ಹೋಗುವ ಒಂದು ಕ್ಲಾಕ್ ಮುಂಚೆಯೇ ಬಂದು ಹೋಗಿದೆ. `ack` ಅನ್ನು ಹಿಡಿದಿಡುವ ಒಂದು ರಿಜಿಸ್ಟರ್ ಸೇರಿಸುವುದು ಪರಿಹಾರ.

ಇತಿಮಿತಿಗಳು

ಅನಲೈಜರ್ ಕ್ಲಾಕ್‌ನ ಬಡಿತಕ್ಕೆ ಮಾತ್ರ ನೋಡುವುದರಿಂದ, ಎರಡು ಬಡಿತಗಳ ನಡುವಿನ ಗ್ಲಿಚ್ ಅದಕ್ಕೆ ಕಾಣದು. ಕ್ಲಾಕ್ ನಿಂತರೆ ಅನಲೈಜರ್ ಕೂಡ ನಿಲ್ಲುತ್ತದೆ. ವಿವಾಡೊದಲ್ಲಿ ಡಿಬಗ್ ಹಬ್ ಪತ್ತೆಯಾಗಲಿಲ್ಲವೆಂಬ ಸಂದೇಶ ಬಂದರೆ ಮೊದಲು ಅದಕ್ಕೆ ಕೊಟ್ಟ ಕ್ಲಾಕ್ ಓಡುತ್ತಿದೆಯೇ ಎಂದು ನೋಡಬೇಕು. ಅನಲೈಜರ್ ಸೇರಿದಾಗ ವಿನ್ಯಾಸದ ಜೋಡಣೆಯೂ ತಂತಿಗಳ ವಿಳಂಬವೂ ಬದಲಾಗುವುದರಿಂದ, ಕೆಲವು ದೋಷಗಳು ಅದನ್ನು ಸೇರಿಸಿದಾಗ ಮಾಯವಾಗಿ, ತೆಗೆದಾಗ ಮರಳುತ್ತವೆ. ಹೀಗಾದಾಗ ತರಂಗರೂಪ ನೋಡುತ್ತ ಕೂರದೆ, ಟೈಮಿಂಗ್ ವರದಿಯನ್ನೂ ಒಂದು ಕ್ಲಾಕ್‌ನಿಂದ ಇನ್ನೊಂದಕ್ಕೆ ದಾಟುವ ಸಂಕೇತಗಳನ್ನೂ ಪರಿಶೀಲಿಸಬೇಕಾಗುತ್ತದೆ.